ಬೇಯಿಸಿದ ಆಲೂಗಡ್ಡೆ ಯಾಕೆ ಹಗುರವಾಗಲಿಲ್ಲ? ಒಂಬತ್ತನೇ ತರಗತಿಗೆ ಒಂದು ಪ್ರಶ್ನೆ ಕಟ್ಟುವ ಬಗೆ

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಪಾಠದ ಕೊನೆಗೆ ವರ್ಷಗಳಿಂದ ಇದ್ದ ಒಂದು ಪ್ರಶ್ನೆ ನಿಮಗೆಲ್ಲ ನೆನಪಿರಬೇಕು. ನಾಲ್ಕು ಆಲೂಗಡ್ಡೆ ಹೋಳುಗಳ ಸಿಪ್ಪೆ ತೆಗೆದು, ಒಳಗೆ ಕೆರೆದು ಬಟ್ಟಲು ಮಾಡಬೇಕು. ಅವುಗಳಲ್ಲಿ ಒಂದು ಬೇಯಿಸಿದ ಆಲೂಗಡ್ಡೆಯದು. ನಾಲ್ಕನ್ನೂ ನೀರಿರುವ ತಟ್ಟೆಯಲ್ಲಿ ಇಡಬೇಕು. ಮೊದಲನೆಯದು ಖಾಲಿ. ಎರಡನೆಯದಕ್ಕೆ ಒಂದು ಚಮಚ ಸಕ್ಕರೆ, ಮೂರನೆಯದಕ್ಕೆ ಒಂದು ಚಮಚ ಉಪ್ಪು. ಬೇಯಿಸಿದ ಬಟ್ಟಲಿಗೂ ಒಂದು ಚಮಚ ಸಕ್ಕರೆ. ಎರಡು ಗಂಟೆ ಬಿಟ್ಟು ನೋಡಬೇಕು.

ಪ್ರಯೋಗ ಬಹಳ ಚೆನ್ನಾಗಿದೆ. ಆದರೆ ಅದರ ಕೆಳಗೆ ಕೇಳಿರುವುದನ್ನು ಗಮನಿಸಿ. ಎರಡು ಮತ್ತು ಮೂರನೇ ಬಟ್ಟಲಿನಲ್ಲಿ ನೀರು ಯಾಕೆ ಸೇರಿತು, ವಿವರಿಸಿ. ಒಂದನೆಯದು ಯಾಕೆ ಬೇಕು? ಒಂದು ಮತ್ತು ನಾಲ್ಕನೆಯದರಲ್ಲಿ ನೀರು ಯಾಕೆ ಸೇರಲಿಲ್ಲ, ವಿವರಿಸಿ. ಇಲ್ಲಿ ಏನಾಯಿತು ಎಂಬುದನ್ನು ಪ್ರಶ್ನೆಯೇ ಹೇಳಿಬಿಟ್ಟಿದೆ. ಯಾಕಾಯಿತು ಎಂಬುದು ಅದೇ ಪಾಠದಲ್ಲಿ ಕೆಲವು ಪುಟ ಹಿಂದೆ ಇದೆ. ವಿದ್ಯಾರ್ಥಿ ‘ಅಭಿಸರಣೆ’ ಎಂದು ಬರೆದು, ಅದರ ವ್ಯಾಖ್ಯೆ ಬರೆದರೆ ನಾವು ಅಂಕ ಕೊಡುತ್ತೇವೆ. ಆ ಮಗು ಫಲಿತಾಂಶವನ್ನು ನೋಡಿ ಏನಾದರೂ ಯೋಚಿಸಿತೇ ಎಂಬುದು ನಮಗೆ ಗೊತ್ತಾಗುವುದೇ ಇಲ್ಲ.

ಇವತ್ತು ನಾನು ಒಂದೇ ಕೆಲಸ ಮಾಡುತ್ತೇನೆ. ಇದೇ ಆಲೂಗಡ್ಡೆಯನ್ನು ಇಟ್ಟುಕೊಂಡು, ಫಲಿತಾಂಶ ಓದಿ ಊಹೆ ಕಟ್ಟುವಂಥ ಒಂದು ಪ್ರಶ್ನೆಯನ್ನು ನಿಮ್ಮೆದುರಿಗೇ ಕಟ್ಟುತ್ತೇನೆ. ಯಾವ ಸಾಲು ಯಾಕೆ ಹಾಕಿದೆ, ಯಾವ ಸಂಖ್ಯೆ ಯಾಕೆ ಇಟ್ಟೆ ಎಂದು ಹೇಳುತ್ತಾ ಹೋಗುತ್ತೇನೆ. ಎಸ್‌ಎ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುವಾಗ ನಮಗೆ ಕಷ್ಟವಾಗುವುದು ಇಲ್ಲೇ.

ಮೊದಲು ಪ್ರಯೋಗವನ್ನು ಸ್ವಲ್ಪ ಬದಲಿಸೋಣ. ಬಟ್ಟಲಿನಲ್ಲಿ ನೀರು ಸೇರಿತು, ಸೇರಲಿಲ್ಲ ಎಂದರೆ ಹೌದು, ಇಲ್ಲ ಅಷ್ಟೇ ಸಿಗುತ್ತದೆ. ಓದಲು ಏನೂ ಇರುವುದಿಲ್ಲ. ಓದಲು ಏನಾದರೂ ಬೇಕಾದರೆ ಅಳತೆ ಬೇಕು. ಹಾಗಾಗಿ ಆಲೂಗಡ್ಡೆಯನ್ನು ಬೆರಳಿನಷ್ಟು ಉದ್ದದ ತುಂಡುಗಳಾಗಿ ಕತ್ತರಿಸೋಣ. 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪ. ಅಂಥ ಒಂದು ತುಂಡು ಸುಮಾರು 5 ಗ್ರಾಂ ತೂಗುತ್ತದೆ. ಐದೈದು ತುಂಡುಗಳ ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ಲೋಟದಲ್ಲಿ ಹಾಕೋಣ. ಒಂದು ಲೋಟದಲ್ಲಿ ಬರೀ ನೀರು. ಉಳಿದವುಗಳಲ್ಲಿ ಬೇರೆ ಬೇರೆ ಪ್ರಮಾಣದ ಉಪ್ಪುನೀರು. ಒಂದು ಗಂಟೆ ಬಿಟ್ಟು, ತುಂಡುಗಳನ್ನು ತೆಗೆದು, ಮೇಲಿನ ನೀರು ಒರೆಸಿ, ಮತ್ತೆ ತೂಗೋಣ.

ಪ್ರಶ್ನೆಯಲ್ಲಿ ಕೊಡುವ ಪಟ್ಟಿ ಹೀಗಿದೆ. ಈ ಅಂಕಿಗಳನ್ನು ಪ್ರಶ್ನೆಗಾಗಿ ನಾನೇ ಹೊಂದಿಸಿದ್ದೇನೆ. ನಿಮ್ಮ ಆಲೂಗಡ್ಡೆ ಹೊಸದೋ ಹಳೆಯದೋ ಎನ್ನುವುದರ ಮೇಲೆ ಸಂಖ್ಯೆಗಳು ಆಚೀಚೆ ಆಗುತ್ತವೆ, ಆದರೆ ಏರಿಳಿತದ ರೀತಿ ಇದೇ ಇರುತ್ತದೆ.

| ಲೋಟ | ತುಂಡುಗಳು | ನೀರಿನಲ್ಲಿ ಉಪ್ಪು | ಮೊದಲ ತೂಕ (ಗ್ರಾಂ) | ಒಂದು ಗಂಟೆಯ ನಂತರ (ಗ್ರಾಂ) |
|---|---|---|---|---|
| 1 | ಹಸಿ | 0% | 26.0 | 28.1 |
| 2 | ಹಸಿ | 0.5% | 25.1 | 25.7 |
| 3 | ಹಸಿ | 1% | 26.8 | 26.3 |
| 4 | ಹಸಿ | 2% | 25.4 | 23.5 |
| 5 | ಹಸಿ | 4% | 26.5 | 23.6 |
| 6 | ಬೇಯಿಸಿದ್ದು | 4% | 25.8 | 25.7 |

ಈ ಪಟ್ಟಿಯ ಕೆಳಗೆ ನಾನು ‘ಅಭಿಸರಣೆ’ ಎಂಬ ಪದವನ್ನು ಎಲ್ಲೂ ಬರೆಯುವುದಿಲ್ಲ. ಪ್ರಶ್ನೆಯ ತಲೆಬರಹದಲ್ಲೂ ಇಲ್ಲ. ಆ ಪದ ಕಂಡ ಕೂಡಲೇ ಮಕ್ಕಳು ಪಟ್ಟಿಯನ್ನು ಬಿಟ್ಟು ವ್ಯಾಖ್ಯೆ ಬರೆಯಲು ಶುರು ಮಾಡುತ್ತಾರೆ.

ಈಗ ಓದುವ ಪ್ರಶ್ನೆಗಳು. ಮೊದಲನೆಯದು ತೀರಾ ಸುಲಭ ಇರಲಿ. ಯಾವ ಲೋಟಗಳಲ್ಲಿ ತುಂಡುಗಳ ತೂಕ ಹೆಚ್ಚಿತು, ಯಾವುದರಲ್ಲಿ ಇಳಿಯಿತು? ಇದನ್ನು ಕೊನೆಯ ಬೆಂಚಿನ ಮಗುವೂ ಬರೆಯುತ್ತದೆ, ಬರೆಯಬೇಕು ಕೂಡ. ಪಟ್ಟಿ ನೋಡಿ ಹೆದರಿದ ಮಗುವಿಗೆ ಒಳಗೆ ಬರಲು ಒಂದು ಬಾಗಿಲು ಬೇಕು.

ಎರಡನೆಯದು ಸ್ವಲ್ಪ ಮೇಲಿನದು. ತುಂಡುಗಳ ತೂಕ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇರಬೇಕಾದರೆ ನೀರಿನಲ್ಲಿ ಉಪ್ಪು ಎಷ್ಟಿರಬೇಕು? ಇದಕ್ಕೆ ಪಟ್ಟಿಯಲ್ಲಿ ನೇರ ಉತ್ತರ ಇಲ್ಲ. 0.5%ರಲ್ಲಿ ತೂಕ ಸ್ವಲ್ಪ ಏರಿದೆ, 1%ರಲ್ಲಿ ಸ್ವಲ್ಪ ಇಳಿದಿದೆ. ಹಾಗಾದರೆ ಆ ಜಾಗ ಇವೆರಡರ ನಡುವೆ ಎಲ್ಲೋ ಇದೆ. ಇಷ್ಟು ಬರೆದರೆ ಸಾಕು. ಶೇಕಡಾ ಲೆಕ್ಕ ಹಾಕಿ ಗ್ರಾಫ್ ಎಳೆದವರಿಗೆ 0.8%ರ ಹತ್ತಿರ ಬರುತ್ತದೆ. ಅದನ್ನು ಬರೆದರೂ ಸರಿ. ಆದರೆ ಆ 0.8 ಬಂದರೆ ಮಾತ್ರ ಅಂಕ ಎಂದು ಕೀ ಉತ್ತರದಲ್ಲಿ ಬರೆಯಬೇಡಿ.

ಇಲ್ಲೊಂದು ವಿಷಯ ಹೇಳಬೇಕು. ಪಟ್ಟಿಯಲ್ಲಿ ಮೊದಲ ತೂಕಗಳು ಒಂದೇ ಸಮ ಇಲ್ಲ. ಬೇಕಂತಲೇ ಹಾಗಿಟ್ಟಿದ್ದೇನೆ. ಚಾಕುವಿನಲ್ಲಿ ಕತ್ತರಿಸಿದ ಆಲೂಗಡ್ಡೆ ಎಲ್ಲ ಲೋಟಕ್ಕೂ ಸರಿಯಾಗಿ 25.0 ಗ್ರಾಂ ಬರುವುದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ಮೊದಲ ತೂಕ ಬೇರೆ ಬೇರೆ ಇದ್ದಾಗ ಎಷ್ಟು ಗ್ರಾಂ ಇಳಿಯಿತು ಎಂದು ಹೋಲಿಸುವುದಕ್ಕಿಂತ ನೂರಕ್ಕೆ ಎಷ್ಟು ಇಳಿಯಿತು ಎಂದು ಹೋಲಿಸುವುದೇ ಸರಿ. ಒಂದನೇ ಲೋಟದಲ್ಲಿ 8.1% ಏರಿಕೆ. ಎರಡರಲ್ಲಿ 2.4% ಏರಿಕೆ. ಮೂರರಲ್ಲಿ 1.9% ಇಳಿಕೆ, ನಾಲ್ಕರಲ್ಲಿ 7.5%, ಐದರಲ್ಲಿ 10.9%. ಬೇಯಿಸಿದ್ದರಲ್ಲಿ 0.4%. ಅಂಕ ಕಡಿಮೆ ಇರುವ ಪ್ರಶ್ನೆಯಾದರೆ ಈ ಶೇಕಡಾವನ್ನು ನೀವೇ ಒಂದು ಕಾಲಂನಲ್ಲಿ ಕೊಟ್ಟುಬಿಡಿ. ಭಾಗಾಕಾರದಲ್ಲಿ ತಪ್ಪಿದ ಮಗು ಊಹೆಯವರೆಗೆ ತಲುಪದೆ ನಿಂತುಬಿಡಬಾರದು. ನಾವು ಇಲ್ಲಿ ಪರೀಕ್ಷೆ ಮಾಡುತ್ತಿರುವುದು ಲೆಕ್ಕವನ್ನಲ್ಲವಲ್ಲ.

ಐದೈದು ತುಂಡು ಯಾಕೆ, ಒಂದೊಂದೇ ತುಂಡು ಹಾಕಿದರೆ ಆಗುತ್ತಿರಲಿಲ್ಲವೇ ಎಂದು ನಿಮಗೆ ಅನ್ನಿಸಿರಬಹುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ, ಯಾಕೆಂದರೆ ಫಲಿತಾಂಶ ಓದುವುದು ಅಂದರೆ ಬಹುಪಾಲು ಇದೇ.

ನಮ್ಮ ಶಾಲೆಗಳಲ್ಲಿ ಸಿಗುವ ಸಣ್ಣ ಡಿಜಿಟಲ್ ತಕ್ಕಡಿ 0.1 ಗ್ರಾಂವರೆಗೆ ತೋರಿಸುತ್ತದೆ ಎಂದುಕೊಳ್ಳಿ. ಕೊನೆಯ ಅಂಕಿ ಒಂದು ಆಚೆ ಈಚೆ ಆಗುವುದು ಸಾಮಾನ್ಯ. ತುಂಡನ್ನು ಒರೆಸುವುದರಲ್ಲೂ ವ್ಯತ್ಯಾಸ ಬರುತ್ತದೆ. ಒಬ್ಬರು ಟಿಶ್ಯೂ ಪೇಪರಿನಲ್ಲಿ ಮೆಲ್ಲಗೆ ಒತ್ತುತ್ತಾರೆ, ಇನ್ನೊಬ್ಬರು ಬಟ್ಟೆಯಲ್ಲಿ ಉಜ್ಜುತ್ತಾರೆ. ಈಗ ಒಂದೇ ತುಂಡು, 5.0 ಗ್ರಾಂ ಇದ್ದದ್ದು. 0.5% ಉಪ್ಪುನೀರಿನಲ್ಲಿ ಅದು 5.1 ಆಗುತ್ತದೆ. 1%ರಲ್ಲಿ 4.9 ಆಗುತ್ತದೆ. ಒಂದರಲ್ಲಿ ಏರಿತು, ಇನ್ನೊಂದರಲ್ಲಿ ಇಳಿಯಿತು ಎಂದು ಬರೆಯಬಹುದಾ? ಬರೆಯಲಾಗದು. ಆ 0.1 ಗ್ರಾಂ ಆಲೂಗಡ್ಡೆಯೊಳಗೆ ಹೋದ ನೀರಾ, ಮೇಲೆ ಅಂಟಿದ ನೀರಾ, ತಕ್ಕಡಿಯ ತೊದಲಾ ಎಂದು ಹೇಳಲು ನಮ್ಮ ಬಳಿ ಏನೂ ಇಲ್ಲ. ಐದು ತುಂಡು ಒಟ್ಟಿಗೆ ತೂಗಿದರೆ ಬದಲಾವಣೆ ಐದು ಪಟ್ಟು ಆಗುತ್ತದೆ, ತಕ್ಕಡಿಯ ಅನುಮಾನ ಅಷ್ಟೇ ಉಳಿಯುತ್ತದೆ. ಪಟ್ಟಿಯ ಎರಡನೇ ಲೋಟದಲ್ಲಿ 0.6 ಗ್ರಾಂ ಏರಿಕೆ ಇದೆ, ಮೂರನೆಯದರಲ್ಲಿ 0.5 ಇಳಿಕೆ. ಈಗ ಏರಿತು, ಇಳಿಯಿತು ಎಂದು ಧೈರ್ಯವಾಗಿ ಹೇಳಬಹುದು. ಒರೆಸುವ ವ್ಯತ್ಯಾಸ ಮಾತ್ರ ಐದು ತುಂಡಿಗೂ ಇದ್ದೇ ಇರುತ್ತದೆ, ಅದಕ್ಕೆ ಎಲ್ಲವನ್ನೂ ಒಬ್ಬರೇ ಒಂದೇ ರೀತಿ ಒರೆಸಬೇಕು.

ಇದನ್ನೇ ಒಂದು ಪ್ರಶ್ನೆಯಾಗಿ ಕೇಳಬಹುದು. ಆರನೇ ಲೋಟ ನೋಡಿ. 25.8 ಇದ್ದದ್ದು 25.7 ಆಗಿದೆ. ‘ಬೇಯಿಸಿದ ತುಂಡುಗಳ ತೂಕ ಇಳಿಯಿತು ಎಂದು ರಮ್ಯಾ ಬರೆದಳು. ಇಳಿದಿಲ್ಲ ಎಂದು ಇಮ್ರಾನ್ ಬರೆದನು. ತಕ್ಕಡಿ 0.1 ಗ್ರಾಂ ಹೆಚ್ಚು ಕಡಿಮೆ ತೋರಿಸಬಹುದು. ನೀವು ಯಾರ ಮಾತನ್ನು ಒಪ್ಪುತ್ತೀರಿ? ಯಾಕೆ?’ ಹೀಗೆ ಇಬ್ಬರು ಮಕ್ಕಳ ಮಾತನ್ನು ಇಟ್ಟರೆ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಅಂಕಿ ಒಂದಿಷ್ಟು ಬದಲಾದರೆ ಸಾಕು ಬದಲಾಯಿತು ಎಂದು ಬರೆಯುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಗಟ್ಟಿಯಾಗಿದೆ. ಗಣಿತದಲ್ಲಿ 25.7 ಎಂದರೆ 25.7. ಪ್ರಯೋಗದಲ್ಲಿ ಅದು 25.6ರಿಂದ 25.8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದನ್ನು ಒಂಬತ್ತನೇ ತರಗತಿಯಲ್ಲಿ ಕಲಿಯದಿದ್ದರೆ ಮುಂದೆ ಕಲಿಯುವುದು ಬಹಳ ತಡವಾಗುತ್ತದೆ ಎಂದು ನನಗೆ ನಿಜಕ್ಕೂ ಅನ್ನಿಸುತ್ತದೆ.

ಇನ್ನು ಊಹೆಯ ಭಾಗ. ಪ್ರಾಕಲ್ಪನೆ ಎಂದು ಪುಸ್ತಕದಲ್ಲಿ ಬರೆಯುವುದು ಇದನ್ನೇ. ಪ್ರಶ್ನೆಯ ಜೀವ ಇರುವುದು ಆ ಆರನೇ ಸಾಲಿನಲ್ಲಿ.

ಐದನೇ ಲೋಟ, ಆರನೇ ಲೋಟ ಎರಡಕ್ಕೂ ಉಪ್ಪು ಒಂದೇ. ಸಮಯ ಒಂದೇ. ತುಂಡಿನ ಗಾತ್ರ ಒಂದೇ. ವ್ಯತ್ಯಾಸ ಇರುವುದು ಬೇಯಿಸಿದ್ದರಲ್ಲಿ ಮಾತ್ರ. ಹಸಿ ತುಂಡುಗಳು 2.9 ಗ್ರಾಂ ಕಳೆದುಕೊಂಡಿವೆ. ಬೇಯಿಸಿದವು ಏನೂ ಕಳೆದುಕೊಂಡಿಲ್ಲ. ಯಾಕಿರಬಹುದು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಸಾಮಾನ್ಯವಾಗಿ ಬರುವ ಉತ್ತರಗಳು ಮೂರು ಬಗೆಯವು.

ಒಂದು ಗುಂಪು ಹೇಳುತ್ತದೆ: ಬೇಯಿಸುವಾಗಲೇ ಆಲೂಗಡ್ಡೆ ನೀರು ಕುಡಿದು ತುಂಬಿಹೋಗಿದೆ, ಅದಕ್ಕೇ ಬದಲಾವಣೆ ಇಲ್ಲ. ಇನ್ನೊಂದು ಗುಂಪು: ಬೆಂದಾಗ ಒಳಗಿನ ಪಿಷ್ಟ ಅಂಟಂಟಾಗಿ ಗಂಜಿಯಂತೆ ಆಗಿದೆ, ಅದು ನೀರು ಓಡಾಡುವ ದಾರಿ ಮುಚ್ಚಿದೆ. ಮೂರನೇ ಗುಂಪು: ಬಿಸಿಗೆ ಜೀವಕೋಶದ ಪೊರೆ ಹಾಳಾಗಿದೆ, ಈಗ ಉಪ್ಪು, ನೀರು ಎರಡೂ ತಡೆಯಿಲ್ಲದೆ ಒಳಗೂ ಹೊರಗೂ ಓಡಾಡುತ್ತವೆ, ಹಾಗಾಗಿ ನೀರು ಒಂದೇ ಕಡೆಗೆ ಹೋಗುವ ಕಾರಣ ಉಳಿದಿಲ್ಲ.

ಮೂರನೆಯದು ಪುಸ್ತಕದ ಉತ್ತರ. ಕೀ ಉತ್ತರ ಇಟ್ಟುಕೊಂಡು ಕೂತರೆ ಮೊದಲ ಎರಡಕ್ಕೂ ಸೊನ್ನೆ ಹಾಕಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರನ್ನೂ ಪಟ್ಟಿಯ ಎದುರು ಹಿಡಿದು ನೋಡೋಣ.

ಬೇಯಿಸಿದ್ದರಲ್ಲಿ ಈಗಾಗಲೇ ನೀರು ತುಂಬಿದೆ ಎಂಬ ಊಹೆ ತೆಗೆದುಕೊಳ್ಳಿ. ಅದು ನಿಜವಾಗಿದ್ದರೆ ಬರೀ ನೀರಿನಲ್ಲಿ ಹಾಕಿದಾಗ ತೂಕ ಏರದೇ ಇರುವುದು ಸರಿಹೋಗುತ್ತದೆ. ಜಾಗ ಇಲ್ಲ, ಹಾಗಾಗಿ ನೀರು ಒಳಗೆ ಹೋಗಲಿಲ್ಲ. ಆದರೆ ನಮ್ಮ ಆರನೇ ಲೋಟದಲ್ಲಿ ಇರುವುದು 4% ಉಪ್ಪುನೀರು. ಅದರಲ್ಲಿ ಹಸಿ ತುಂಡು ನೀರನ್ನು ಬಿಟ್ಟುಕೊಟ್ಟಿದೆ. ನೀರು ತುಂಬಿಕೊಂಡ ಬೇಯಿಸಿದ ತುಂಡು ಇನ್ನೂ ಸುಲಭವಾಗಿ ಬಿಟ್ಟುಕೊಡಬೇಕಿತ್ತು. ಬಿಟ್ಟುಕೊಟ್ಟಿಲ್ಲ. ಅಂದರೆ ಈ ಊಹೆಯನ್ನು ಪಟ್ಟಿಯೇ ಒಪ್ಪುವುದಿಲ್ಲ. ಇಲ್ಲಿ ಅಂಕ ಕಡಿಮೆ ಕೊಡುವುದು ನ್ಯಾಯ, ಮತ್ತು ಯಾಕೆ ಕಡಿಮೆ ಎಂದು ಆ ಮಗುವಿಗೆ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಬಹುದು.

ಪ್ರಶ್ನೆ ಕಟ್ಟುವವರ ಕೈಚಳಕ ಇರುವುದು ಇಲ್ಲೇ. ಬೇಯಿಸಿದ ತುಂಡನ್ನು ನಾನು ಬರೀ ನೀರಿನ ಲೋಟದಲ್ಲಿ ಹಾಕಿದ್ದರೆ ಈ ಊಹೆ ಪಟ್ಟಿಗೆ ಸರಿಯಾಗಿಯೇ ಹೊಂದುತ್ತಿತ್ತು. ಆಗ ಅದನ್ನು ತಪ್ಪು ಎನ್ನಲು ನಮಗೆ ಆಧಾರವೇ ಇರುತ್ತಿರಲಿಲ್ಲ. ಬರೀ ಪುಸ್ತಕದಲ್ಲಿ ಹಾಗಿಲ್ಲ ಎಂದು ಅಂಕ ಕಳೆಯಬೇಕಾಗುತ್ತಿತ್ತು. ಒಂದೇ ಒಂದು ಸಾಲನ್ನು ಎಲ್ಲಿ ಇಡುತ್ತೇವೆ ಎನ್ನುವುದು ಯಾವ ಊಹೆ ಉಳಿಯುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಹಾಗಾಗಿ ಪ್ರಶ್ನೆ ಬರೆದ ಮೇಲೆ ನೀವೇ ಮೂರ್ನಾಲ್ಕು ತಪ್ಪು ಊಹೆಗಳನ್ನು ಬರೆದುಕೊಂಡು, ಒಂದೊಂದನ್ನೂ ಪಟ್ಟಿಗೆ ಹಚ್ಚಿ ನೋಡಿ. ಯಾವುದೂ ಬೀಳದಿದ್ದರೆ ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಕಡಿಮೆ ಇದೆ ಎಂದರ್ಥ.

ಈಗ ಪಿಷ್ಟ ದಾರಿ ಮುಚ್ಚಿದೆ ಎನ್ನುವ ಊಹೆ. ಇದು ಪಟ್ಟಿಗೆ ಪೂರ್ತಿ ಹೊಂದುತ್ತದೆ. ದಾರಿ ಮುಚ್ಚಿದ್ದರೆ ನೀರು ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ತೂಕ ಬದಲಾಗುವುದಿಲ್ಲ. ಪೊರೆ ಹಾಳಾಗಿದೆ ಎನ್ನುವ ಊಹೆಯೂ ಅಷ್ಟೇ ಹೊಂದುತ್ತದೆ. ಈ ಪಟ್ಟಿಯೊಂದನ್ನೇ ಇಟ್ಟುಕೊಂಡು ಎರಡರಲ್ಲಿ ಒಂದನ್ನು ಆರಿಸಲು ಸಾಧ್ಯವೇ ಇಲ್ಲ. ಸತ್ಯ ಯಾವುದು ಎಂದು ನಮಗೆ ಗೊತ್ತಿದೆ, ಆದರೆ ಅದು ಈ ಪಟ್ಟಿಯಿಂದ ಗೊತ್ತಾದದ್ದಲ್ಲ. ಹಾಗಿರುವಾಗ ಪಿಷ್ಟ ಎಂದು ಬರೆದ ಮಗುವಿಗೆ ಪೊರೆ ಎಂದು ಬರೆದ ಮಗುವಿಗಿಂತ ಕಡಿಮೆ ಅಂಕ ಯಾಕೆ ಕೊಡಬೇಕು? ಇದು ನನ್ನ ಇವತ್ತಿನ ಮುಖ್ಯ ಮಾತು. ಊಹೆಗೆ ಅಂಕ ಕೊಡುವಾಗ ನೋಡಬೇಕಾದ್ದು ಎರಡೇ. ಕೊಟ್ಟಿರುವ ಎಲ್ಲ ಸಾಲುಗಳಿಗೂ ಅದು ಹೊಂದುತ್ತದೆಯೇ? ಅದನ್ನು ಪರೀಕ್ಷಿಸಲು ಒಂದು ದಾರಿ ಮಗು ಹೇಳಿದೆಯೇ?

ಎರಡನೆಯದಕ್ಕಾಗಿ ಪ್ರಶ್ನೆಯ ಮಾತನ್ನೇ ಬದಲಿಸಬೇಕು. ‘ನಿಮ್ಮ ಊಹೆಯನ್ನು ಬರೆಯಿರಿ’ ಎಂದಷ್ಟೇ ಕೇಳಿದರೆ ಒಂದು ಸಾಲು ಬರೆದು ಮುಗಿಸುತ್ತಾರೆ. ನಾನು ಹೀಗೆ ಕೇಳುತ್ತೇನೆ: ‘5 ಮತ್ತು 6ನೇ ಲೋಟಗಳ ನಡುವಿನ ವ್ಯತ್ಯಾಸಕ್ಕೆ ಒಂದು ಕಾರಣ ಊಹಿಸಿ. ನಿಮ್ಮ ಊಹೆ ಸರಿಯೇ ಎಂದು ನೋಡಲು ಇನ್ನೊಂದು ಸಣ್ಣ ಪ್ರಯೋಗ ಹೇಳಿ. ಊಹೆ ಸರಿಯಾಗಿದ್ದರೆ ಅಲ್ಲಿ ಏನು ಕಾಣಬೇಕು? ಏನು ಕಂಡರೆ ನಿಮ್ಮ ಊಹೆಯನ್ನು ಬಿಟ್ಟುಕೊಡುತ್ತೀರಿ?’

ಕೊನೆಯ ವಾಕ್ಯ ಬಹಳ ಮುಖ್ಯ. ಅದನ್ನು ತೆಗೆದುಬಿಟ್ಟರೆ ಮಕ್ಕಳು ಏನೇ ಆದರೂ ತಮ್ಮ ಊಹೆ ಸರಿ ಎನ್ನುವಂಥ ಪ್ರಯೋಗ ಬರೆಯುತ್ತಾರೆ. ‘ಇನ್ನೊಂದು ಆಲೂಗಡ್ಡೆ ಬೇಯಿಸಿ ನೋಡುತ್ತೇನೆ, ಅದೂ ಹಗುರವಾಗದಿದ್ದರೆ ಪೊರೆ ಹಾಳಾಗಿದೆ’ ಎಂದು ಬರೆಯುತ್ತಾರೆ. ಅದು ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿದಂತೆ. ಫಲಿತಾಂಶ ಮೊದಲಿನಂತೆಯೇ ಬಂದರೆ ಪಿಷ್ಟದವರೂ ತಾವೇ ಗೆದ್ದೆವು ಎನ್ನುತ್ತಾರೆ.

ಎರಡು ಊಹೆಗಳನ್ನು ಬೇರೆ ಮಾಡಬಲ್ಲ ಪ್ರಯೋಗ ಯಾವುದು? ಬಣ್ಣದ ನೀರು ಒಂದು ದಾರಿ. ಅಡುಗೆಗೆ ಹಾಕುವ ಕೆಂಪು ಬಣ್ಣವನ್ನು ನೀರಿಗೆ ಬೆರೆಸಿ, ಒಂದು ಹಸಿ ತುಂಡು, ಒಂದು ಬೇಯಿಸಿದ ತುಂಡು ಹಾಕಿ ಕೆಲವು ಗಂಟೆ ಬಿಡುವುದು. ಆಮೇಲೆ ತೊಳೆದು ಅಡ್ಡವಾಗಿ ಕತ್ತರಿಸುವುದು. ದಾರಿ ಮುಚ್ಚಿದ್ದರೆ ಬೇಯಿಸಿದ್ದರಲ್ಲಿ ಬಣ್ಣ ಮೇಲ್ಮೈಯಲ್ಲೇ ನಿಲ್ಲಬೇಕು. ಪೊರೆ ಹಾಳಾಗಿದ್ದರೆ ಬೇಯಿಸಿದ್ದರಲ್ಲೇ ಬಣ್ಣ ಹೆಚ್ಚು ಒಳಗೆ ಇಳಿದಿರಬೇಕು. ಮಾಡಿ ನೋಡಿದರೆ ಬೇಯಿಸಿದ ತುಂಡಿನಲ್ಲೇ ಬಣ್ಣ ಹೆಚ್ಚು ಒಳಗೆ ಇಳಿಯುತ್ತದೆ. ಪಿಷ್ಟದ ಊಹೆ ಇಲ್ಲಿ ಬೀಳುತ್ತದೆ. ಆದರೆ ಅದು ಬಿದ್ದದ್ದು ಈ ಪ್ರಯೋಗದ ನಂತರ. ಪರೀಕ್ಷೆಯ ಕೊಠಡಿಯಲ್ಲಿ ಕೂತ ಮಗುವಿಗೆ ಅದು ಬೀಳುತ್ತದೆಂದು ಗೊತ್ತಿರಬೇಕಿಲ್ಲ. ಏನು ಕಂಡರೆ ಬೀಳುತ್ತದೆ ಎಂದು ಬರೆದಿದ್ದರೆ ಪೂರ್ತಿ ಅಂಕ.

ಇನ್ನೊಂದು ದಾರಿ ಫ್ರೀಜರ್. ಹಸಿ ತುಂಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಹೊರಗೆ ತೆಗೆದು ಕರಗಲು ಬಿಟ್ಟರೆ ಅದು ಮೆತ್ತಗೆ ಜೋತುಬೀಳುತ್ತದೆ. ಒಳಗೆ ಐಸ್ ಹರಳುಗಳು ಬೆಳೆದು ಪೊರೆಗಳನ್ನು ಹರಿದಿರುತ್ತವೆ. ಆದರೆ ಪಿಷ್ಟ ಬೆಂದಿರುವುದಿಲ್ಲ. ಬಿಸಿಯೇ ತಾಗಿಲ್ಲವಲ್ಲ. ಅಂದರೆ ಎರಡು ಕಾರಣಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡ ತುಂಡು ನಮಗೆ ಸಿಕ್ಕಿತು. ಅದನ್ನು ಬರೀ ನೀರಿನಲ್ಲಿ ಹಾಕಿ. ಹಸಿ ತುಂಡು ನೀರಿನಲ್ಲಿ ಗಟ್ಟಿಯಾಗಿ, ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಫ್ರೀಜರಿನಿಂದ ಬಂದದ್ದು ಎಷ್ಟು ಹೊತ್ತು ಬಿಟ್ಟರೂ ಗಟ್ಟಿಯಾಗುವುದಿಲ್ಲ. ತೂಕ ತೂಗಲು ಹೋದರೆ ಮಾತ್ರ ಎಚ್ಚರ ಬೇಕು. ಆ ತುಂಡನ್ನು ಸ್ವಲ್ಪ ಒತ್ತಿದರೂ ನೀರು ಸುರಿಯುತ್ತದೆ, ಒರೆಸುವಾಗಲೇ ತೂಕ ಇಳಿದುಬಿಡುತ್ತದೆ. ಹಾಗಾಗಿ ಇಲ್ಲಿ ತಕ್ಕಡಿಗಿಂತ ಬೆರಳಿನಲ್ಲಿ ಬಗ್ಗಿಸಿ ನೋಡುವುದೇ ವಾಸಿ.

ಬೀಟ್‌ರೂಟ್ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಸ್ವಲ್ಪ ದಾರಿ ತಪ್ಪುತ್ತೇನೆ. ಹಸಿ ಬೀಟ್‌ರೂಟ್ ಹೋಳನ್ನು ಚೆನ್ನಾಗಿ ತೊಳೆದು ತಣ್ಣೀರಿನಲ್ಲಿ ಹಾಕಿಟ್ಟರೆ ನೀರು ಹೆಚ್ಚು ಕೆಂಪಾಗುವುದಿಲ್ಲ. ಅದನ್ನೇ ಪಲ್ಯಕ್ಕೆ ಬೇಯಿಸಲು ಇಟ್ಟರೆ ನೀರೆಲ್ಲ ಕೆಂಪು. ಆ ಬಣ್ಣ ಜೀವಕೋಶದೊಳಗಿನ ರಸದಾನಿಯಲ್ಲಿ, ಪೊರೆಯ ಹಿಂದೆ ಇರುತ್ತದೆ. ಪೊರೆ ಗಟ್ಟಿಯಾಗಿರುವವರೆಗೆ ಹೊರಗೆ ಬರುವುದಿಲ್ಲ. ಬೇರೆ ಬೇರೆ ಬಿಸಿಯ ನೀರಿನಲ್ಲಿ ಹೋಳುಗಳನ್ನಿಟ್ಟು ನೋಡಿದರೆ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಮೇಲಕ್ಕೆ ಬಣ್ಣ ಜೋರಾಗಿ ಬಿಡುವುದು ಕಾಣುತ್ತದೆ. ಬಿಸಿ ಪೊರೆಯನ್ನು ಹಾಳು ಮಾಡುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ವಸ್ತು ಇನ್ನೊಂದಿಲ್ಲ. ಆಲೂಗಡ್ಡೆ ಪ್ರಶ್ನೆಗೆ ಪರೀಕ್ಷಾ ಪ್ರಯೋಗವಾಗಿ ಯಾರಾದರೂ ಬೀಟ್‌ರೂಟ್ ಬರೆದರೆ ಖುಷಿಯಿಂದ ಅಂಕ ಕೊಡಿ. ಬೇರೆ ತರಕಾರಿ ಅಲ್ವಾ, ಪ್ರಶ್ನೆಯಲ್ಲಿ ಇರುವುದು ಆಲೂಗಡ್ಡೆ ಅಲ್ವಾ ಎಂದು ಕೈ ಬಿಗಿ ಹಿಡಿಯಬೇಡಿ.

ಅಂಕಗಳ ಹಂಚಿಕೆ ಹೇಳುತ್ತೇನೆ. ಊಹೆಯ ಭಾಗಕ್ಕೆ ನಾಲ್ಕು ಅಂಕ ಇಟ್ಟಿದ್ದೇನೆ. ಯಾವುದಾದರೂ ಒಂದು ಕಾರಣ ಹೇಳಿದ್ದಕ್ಕೆ ಒಂದು. ಅದು ಆರೂ ಸಾಲಿಗೆ ಹೊಂದಿದರೆ ಇನ್ನೊಂದು. ಪರೀಕ್ಷಿಸುವ ಪ್ರಯೋಗಕ್ಕೆ ಒಂದು. ಏನು ಕಂಡರೆ ಬಿಡುತ್ತೇನೆ ಎಂಬುದಕ್ಕೆ ಒಂದು. ಈ ಲೆಕ್ಕದಲ್ಲಿ ‘ಅಭಿಸರಣೆ ನಡೆಯಲಿಲ್ಲ, ಯಾಕೆಂದರೆ ಅರೆಪಾರಕ ಪೊರೆ ನಾಶವಾಗಿದೆ’ ಎಂದು ಬರೆದು ನಿಲ್ಲಿಸಿದ ಮಗುವಿಗೆ ಎರಡು ಅಂಕ. ಪಿಷ್ಟದ ಊಹೆ ಬರೆದು, ಬಣ್ಣದ ನೀರಿನ ಪ್ರಯೋಗ ಹೇಳಿ, ಬಣ್ಣ ಒಳಗೆ ಹೋದರೆ ನನ್ನ ಊಹೆ ತಪ್ಪು ಎಂದು ಬರೆದ ಮಗುವಿಗೆ ನಾಲ್ಕು. ಇದು ಕೆಲವರಿಗೆ ಇರಿಸುಮುರಿಸು ಆಗುತ್ತದೆ, ನನಗೆ ಗೊತ್ತು. ಸರಿಯಾದ ವಿಜ್ಞಾನ ಬರೆದವನಿಗೆ ಕಡಿಮೆ, ತಪ್ಪು ಬರೆದವನಿಗೆ ಜಾಸ್ತಿಯಾ ಎಂದು ಕೇಳುತ್ತೀರಿ. ಪುಸ್ತಕದ ವಿಷಯ ಗೊತ್ತಿದೆಯೇ ಎಂದು ನೋಡಲು ಪತ್ರಿಕೆಯಲ್ಲಿ ಬೇರೆ ಪ್ರಶ್ನೆಗಳು ಬೇಕಾದಷ್ಟಿವೆ. ಈ ಒಂದು ಪ್ರಶ್ನೆಯನ್ನಾದರೂ ಯೋಚನೆಗೆ ಬಿಟ್ಟುಕೊಡಿ. ಉತ್ತರಪತ್ರಿಕೆ ಕೊಟ್ಟ ದಿನ ತರಗತಿಯಲ್ಲಿ ಬಣ್ಣದ ನೀರಿನ ಪ್ರಯೋಗ ಮಾಡಿ ತೋರಿಸಿ. ಆಗ ಪಿಷ್ಟದವರಿಗೂ ಸತ್ಯ ತಿಳಿಯುತ್ತದೆ, ತಾವೇ ಹೇಳಿದ ಪ್ರಯೋಗದಿಂದಲೇ ತಿಳಿಯುತ್ತದೆ.

ಪಟ್ಟಿಯ ಆಚೆಗೆ ಹೋಗುವ ಒಂದು ಪ್ರಶ್ನೆಯನ್ನೂ ಸೇರಿಸಬಹುದು. 8% ಉಪ್ಪುನೀರಿನಲ್ಲಿ ಹಸಿ ತುಂಡು ಹಾಕಿದರೆ ಏನಾಗಬಹುದು? ಬಹಳ ಮಕ್ಕಳು ಉಪ್ಪು ಎರಡು ಪಟ್ಟು, ಹಾಗಾಗಿ ಇಳಿಕೆಯೂ ಎರಡು ಪಟ್ಟು, ಸುಮಾರು 22% ಎಂದು ಬರೆಯುತ್ತಾರೆ. ಪಟ್ಟಿ ಹಾಗೆ ಹೇಳುತ್ತದೆಯೇ ನೋಡಿ. 2%ರಿಂದ 4%ಗೆ ಹೋದಾಗ ಉಪ್ಪು ಎರಡು ಪಟ್ಟು ಆಯಿತು, ಇಳಿಕೆ 7.5ರಿಂದ 10.9ಕ್ಕೆ ಮಾತ್ರ ಹೋಯಿತು. ಅಂದರೆ 8%ರಲ್ಲಿ ಇನ್ನೂ ಸ್ವಲ್ಪ ಇಳಿಯಬಹುದು, ಎರಡು ಪಟ್ಟು ಆಗುವ ಲಕ್ಷಣ ಇಲ್ಲ. ಇಷ್ಟು ಬರೆದರೆ ಸಾಕು. ಎಷ್ಟು ಎಂದು ಖಚಿತವಾಗಿ ಹೇಳಲಾಗದು ಎಂದು ಸೇರಿಸಿದರೆ ಇನ್ನೂ ಒಳ್ಳೆಯದು.

ಈ ಪ್ರಯೋಗವನ್ನು ಮಕ್ಕಳು ಒಮ್ಮೆಯೂ ಮಾಡದೆ ಬರೀ ಪರೀಕ್ಷೆಯಲ್ಲಿ ನೋಡಿದರೆ ಪ್ರಶ್ನೆ ಸತ್ತ ಹಾಗೆ. ಒಂದು ಪಿರಿಯಡ್‌ನಲ್ಲಿ ಶುರು ಮಾಡಿ, ಮಧ್ಯೆ ಒಂದು ಪಿರಿಯಡ್ ಬಿಟ್ಟು ತೂಗಿದರೆ ಆಗಿಹೋಗುತ್ತದೆ. 100 ಮಿಲಿಲೀಟರ್ ನೀರಿಗೆ 1 ಗ್ರಾಂ ಉಪ್ಪು ಹಾಕಿದರೆ ನಮ್ಮ ಕೆಲಸಕ್ಕೆ ಅದು 1%. 4% ದ್ರಾವಣವನ್ನು ಒಮ್ಮೆ ಮಾಡಿಕೊಂಡು, ಅದಕ್ಕೆ ಅಷ್ಟೇ ನೀರು ಬೆರೆಸಿದರೆ 2%, ಮತ್ತೆ ಹಾಗೇ ಮಾಡಿದರೆ 1%, ಮತ್ತೆ ಮಾಡಿದರೆ 0.5%. ಅರ್ಧ ಗ್ರಾಂ ಉಪ್ಪು ತೂಗುವ ಕಷ್ಟ ತಪ್ಪುತ್ತದೆ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ತುಂಡುಗಳನ್ನು ಕತ್ತರಿಸಿ ತೂಗಿದ ಮೇಲೆ ಲೋಟಗಳು ಸಿದ್ಧವಾಗುವವರೆಗೆ ಮೇಜಿನ ಮೇಲೆ ಬಿಟ್ಟುಬಿಡುವುದು. ಫ್ಯಾನ್ ಗಾಳಿಗೆ ಅವು ಒಣಗುತ್ತವೆ. ಆಗ ಎಲ್ಲ ಲೋಟದಲ್ಲೂ ತೂಕ ಇರಬೇಕಾದ್ದಕ್ಕಿಂತ ಬೇರೆಯಾಗಿ ಬರುತ್ತದೆ. ತೂಗಿದ ಕೂಡಲೇ ಹಾಕಬೇಕು. ಇನ್ನೊಂದು, ಸಿಪ್ಪೆ. ತುಂಡಿನ ಒಂದು ಬದಿಯಲ್ಲಿ ಸಿಪ್ಪೆ ಉಳಿದಿದ್ದರೆ ಆ ಬದಿಯಿಂದ ನೀರು ಹೆಚ್ಚು ಓಡಾಡುವುದಿಲ್ಲ, ಆ ಗುಂಪಿನ ಬದಲಾವಣೆ ಕಡಿಮೆ ಬರುತ್ತದೆ. ಐದು ಲೋಟಗಳಲ್ಲಿ ನಾಲ್ಕು ಸಾಲಾಗಿ ಇಳಿಯುತ್ತಾ ಹೋಗಿ ಒಂದು ಮಾತ್ರ ಹೊಂದದೆ ನಿಂತರೆ, ಮೊದಲು ಆ ತುಂಡುಗಳನ್ನು ತಿರುಗಿಸಿ ನೋಡಿ. ಬೇಯಿಸಿದ ತುಂಡುಗಳನ್ನು ಕುದಿಸಿ ಕುದಿಸಿ ಪುಡಿ ಮಾಡಬೇಡಿ. ಮುಟ್ಟಿದರೆ ಉದುರುವಂತಾದರೆ ಚೂರುಗಳು ನೀರಿನಲ್ಲಿ ಉಳಿದು, ಪೊರೆಗೂ ಉಪ್ಪಿಗೂ ಸಂಬಂಧವಿಲ್ಲದೆ ತೂಕ ಇಳಿಯುತ್ತದೆ. ಚಾಕು ಹಾಕಿದರೆ ಸಲೀಸಾಗಿ ಇಳಿಯುವಷ್ಟು ಬೆಂದರೆ ಸಾಕು. ತಣ್ಣಗಾದ ಮೇಲೆ ತೂಗಿ.

ಕೊನೆಗೆ ಒಬ್ಬ ಮೇಷ್ಟ್ರು ಕೇಳಿದರು: ‘ಸರ್, ಪ್ರಯೋಗ ಮಾಡಿದಾಗ ನಮ್ಮ ಮಕ್ಕಳಿಗೆ ಬೇಯಿಸಿದ್ದರಲ್ಲೂ ತೂಕ ಇಳಿದರೆ ಏನು ಮಾಡೋದು? ನೀವು ಹೇಳಿದ್ದಕ್ಕೆ ವಿರುದ್ಧ ಆಗುತ್ತಲ್ಲ.’ ಇಳಿಯಬಹುದು. ಆಗ ಮೊದಲು ಲೋಟದ ತಳ ನೋಡಿ. ಬಿಳಿ ಚೂರುಗಳು ಬಿದ್ದಿವೆಯೇ? ಬಿದ್ದಿದ್ದರೆ ಆ ಚೂರುಗಳನ್ನು ಶೋಧಿಸಿ, ಒರೆಸಿ, ತುಂಡುಗಳ ಜೊತೆ ಸೇರಿಸಿ ತೂಗಿಸಿ. ಇಳಿದ ತೂಕ ಅದರಿಂದ ತುಂಬಿಬಂದರೆ ಕಾರಣ ಸಿಕ್ಕಿತು. ತುಂಬದಿದ್ದರೆ ಆ ಸಂಖ್ಯೆಯನ್ನು ಒರೆಸಿಹಾಕಬೇಡಿ, ಬೋರ್ಡ್ ಮೇಲೆ ಹಾಗೇ ಇರಲಿ. ಬೇಯಿಸಿದ್ದರಲ್ಲಿ ಕೆಲವು ಜೀವಕೋಶಗಳು ಇನ್ನೂ ಬೇಯದೆ ಉಳಿದಿರಬಹುದೇ, ತುಂಡಿನ ನಡುಭಾಗ ಹಸಿಯಾಗಿದೆಯೇ ಎಂದು ಕೇಳಿ. ಅಡ್ಡ ಕತ್ತರಿಸಿ ನೋಡಲು ಹೇಳಿ. ಅಲ್ಲಿಂದ ಮುಂದಿನ ಊಹೆ ಮಕ್ಕಳೇ ಕಟ್ಟುತ್ತಾರೆ, ಅದನ್ನೇ ಮುಂದಿನ ಎಫ್‌ಎಗೆ ಪ್ರಶ್ನೆ ಮಾಡಿ.